ಮೂರು ತಿಂಗಳಲ್ಲಿ ಹಣ ಉಳಿದಿದೆ, ಫಂಡರ್‌ಗೆ ಕಳಿಸುವ ವರದಿಯಲ್ಲಿ ಹೇಗೆ ತೋರಿಸಲಿ?

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ 12 ಹಳ್ಳಿಗಳಲ್ಲಿ ಮಕ್ಕಳಿಗೆ ಸಂಜೆ ಕಲಿಕಾ ಕೇಂದ್ರ ನಡೆಸುತ್ತೇವೆ. ಒಂದು ಕಂಪನಿಯ ಸಿಎಸ್‌ಆರ್ ಹಣದಿಂದ ಈ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಮೊದಲ ಮೂರು ತಿಂಗಳಿಗೆ ಅಂದುಕೊಂಡದ್ದಕ್ಕಿಂತ ಎರಡೂವರೆ ಲಕ್ಷ ಕಡಿಮೆ ಖರ್ಚಾಗಿದೆ. ಇದನ್ನು ಹಾಗೇ ತೋರಿಸಿದರೆ ಮುಂದಿನ ಕಂತು ಕಡಿಮೆ ಮಾಡುತ್ತಾರೇನೋ ಅಂತ ಭಯ. ಮುಂದಿನ ಮೂರು ತಿಂಗಳ ಅಂದಾಜಿನಲ್ಲಿ ಬಜೆಟ್‌ನಲ್ಲಿರುವ ಅಂಕಿಯನ್ನೇ ಹಾಕಿದರೆ ಸಾಕಾ?

ಉತ್ತರ: ಸಾಲದು. ಹಾಗೆ ಮಾಡಿದರೆ ಆಗಸ್ಟ್ ಕೊನೆಗೆ ನಿಮ್ಮ ಕೈ ಖಾಲಿಯಾಗುತ್ತದೆ. ಉಳಿದ ಹಣವನ್ನು ಇರುವ ಹಾಗೇ ತೋರಿಸಿದರೆ ಕಂತು ಕಡಿಮೆಯಾಗುವುದಿಲ್ಲ. ಅದು ಯಾಕೆ ಉಳಿಯಿತು ಅಂತ ಬಿಡಿಸಿ ಹೇಳದಿದ್ದರೆ ಕಡಿಮೆಯಾಗುತ್ತದೆ. ನೀವು ಕಳಿಸಿದ ಲೆಕ್ಕವನ್ನೇ ಇಟ್ಟುಕೊಂಡು ನೋಡೋಣ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿಕೊಂಡಿದ್ದೇನೆ.

ನಿಮ್ಮ ವರ್ಷದ ಬಜೆಟ್ 20,00,000 ರೂಪಾಯಿ. ಅದರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗಿನ ಪಾಲು 8,15,000. ಅಷ್ಟೂ ಹಣ ಏಪ್ರಿಲ್‌ನಲ್ಲೇ ಬಂದಿದೆ.

| ಬಾಬ್ತು | ಏಪ್ರಿಲ್–ಜೂನ್ ಬಜೆಟ್ | ಆದ ಖರ್ಚು |
|---|---|---|
| ಶಿಕ್ಷಕರ ಗೌರವಧನ | 2,16,000 | 1,80,000 |
| ಸಂಯೋಜಕರು, ಅಕೌಂಟೆಂಟ್ ಸಂಬಳ | 1,05,000 | 1,05,000 |
| ಪುಸ್ತಕ, ಕಲಿಕಾ ಕಿಟ್ | 3,60,000 | 1,50,000 |
| ಶಿಕ್ಷಕರ ತರಬೇತಿ | 90,000 | 78,000 |
| ಪ್ರಯಾಣ | 24,000 | 31,000 |
| ಕಚೇರಿ ಖರ್ಚು | 20,000 | 19,000 |
| ಒಟ್ಟು | 8,15,000 | 5,63,000 |

ವ್ಯತ್ಯಾಸ 2,52,000. ಅಂದರೆ ಸುಮಾರು 31%. ಫಂಡರ್ ಕಡೆಯವರು ವರದಿ ತೆರೆದ ಕೂಡಲೇ ನೋಡುವುದು ಈ ಒಂದು ಅಂಕಿಯನ್ನು. "ಕೆಲಸ ನಿಧಾನ ಇದೆ" ಅಂತ ಅವರಿಗೆ ಅನಿಸುತ್ತದೆ. ಆದರೆ ಈ 2,52,000 ಒಂದೇ ತರಹದ ಹಣ ಅಲ್ಲ.

ಅದರಲ್ಲಿ 2,10,000 ಕಿಟ್‌ನದು. 12 ಕೇಂದ್ರಗಳಿಗೂ ಆರ್ಡರ್ ಕೊಟ್ಟಿದ್ದೀರಿ. ಐದಕ್ಕೆ ಸರಕು ಬಂದಿದೆ, ಬಿಲ್ ಕಟ್ಟಿದ್ದೀರಿ. ಏಳಕ್ಕೆ ಜುಲೈನಲ್ಲಿ ಬರುತ್ತದೆ. ಈ ಹಣ ಉಳಿದಿಲ್ಲ, ಖರ್ಚು ಮುಂದಕ್ಕೆ ಹೋಗಿದೆ ಅಷ್ಟೇ. ಕೈಯಲ್ಲಿ ಆರ್ಡರ್ ಪ್ರತಿ ಇದೆಯಲ್ಲ, ಅದರ ನಂಬರ್, ದಿನಾಂಕ ಬರೆದರೆ ಯಾರೂ ಅನುಮಾನ ಪಡುವುದಿಲ್ಲ.

ಗೌರವಧನದ 36,000 ಹಾಗಲ್ಲ. ಮೂರು ಕೇಂದ್ರಗಳು ಎರಡು ತಿಂಗಳು ತಡವಾಗಿ, ಜೂನ್‌ನಲ್ಲಿ ಶುರುವಾದವು. ತಿಂಗಳಿಗೆ 6,000 ಲೆಕ್ಕದಲ್ಲಿ ಆರು ಗೌರವಧನ ಕೊಡುವ ಪ್ರಸಂಗವೇ ಬರಲಿಲ್ಲ. ಆ ಏಪ್ರಿಲ್, ಮೇ ಇನ್ನು ವಾಪಸ್ ಬರುವುದಿಲ್ಲ. ಇದು ನಿಜವಾಗಿ ಉಳಿದ ಹಣ. ತರಬೇತಿಯ 12,000 ಕೂಡ ಹಾಗೇ. ತರಬೇತಿ ಮುಗಿದಿದೆ, ಕಡಿಮೆ ಖರ್ಚಿನಲ್ಲಿ ಮುಗಿದಿದೆ. ಕಚೇರಿಯದು ಒಂದು ಸಾವಿರ, ಅದಕ್ಕೆ ವಿವರಣೆಯೇ ಬೇಡ. ಇನ್ನು ಪ್ರಯಾಣದಲ್ಲಿ 7,000 ಜಾಸ್ತಿ ಆಗಿದೆ.

ಈಗ ಕೂಡಿಸಿ ನೋಡಿ. ಮುಂದಕ್ಕೆ ಹೋದದ್ದನ್ನು ಬಿಟ್ಟರೆ ನಿಜವಾಗಿ ಉಳಿದದ್ದು 36,000, 12,000 ಮತ್ತು 1,000. ಅದರಲ್ಲಿ ಪ್ರಯಾಣದ 7,000 ಕಳೆದರೆ 42,000. ಉಳಿದೆಲ್ಲ ಬಜೆಟ್‌ನಂತೆ ನಡೆದರೆ ವರ್ಷದ ಕೊನೆಗೆ ಉಳಿಯುವುದು ಇಷ್ಟೇ. ವರದಿಯ ಮೊದಲ ಸಾಲಿನಲ್ಲೇ ಇದನ್ನು ಹೇಳಿ: ಈ ತ್ರೈಮಾಸಿಕದಲ್ಲಿ 2,52,000 ಕಡಿಮೆ ಖರ್ಚಾಗಿದೆ, ಅದರಲ್ಲಿ 2,10,000 ಜುಲೈನಲ್ಲಿ ಖರ್ಚಾಗುತ್ತದೆ, ವರ್ಷಕ್ಕೆ ಉಳಿತಾಯ 42,000. ಓದುವವರ ತಲೆಯಲ್ಲಿದ್ದ 31% ಈಗ ಇಡೀ ಬಜೆಟ್‌ನ 2% ಆಗಿಬಿಡುತ್ತದೆ.

ಮುಂದಿನ ಮೂರು ತಿಂಗಳ ಅಂದಾಜಿಗೆ ಬರೋಣ. ಜುಲೈ–ಸೆಪ್ಟೆಂಬರ್‌ಗೆ ಬಜೆಟ್‌ನಲ್ಲಿರುವುದು 3,65,000: ಗೌರವಧನ, ಸಂಬಳ, ಪ್ರಯಾಣ, ಕಚೇರಿ ಖರ್ಚು. ಕಿಟ್‌ಗೆ ಅಲ್ಲಿ ಸೊನ್ನೆ ಇದೆ, ಯಾಕೆಂದರೆ ಅದೆಲ್ಲ ಜೂನ್‌ಗೇ ಮುಗಿಯುತ್ತದೆ ಅಂತ ಅಂದುಕೊಂಡಿದ್ದಿರಿ. ಎರಡನೇ ತರಬೇತಿ ಅಕ್ಟೋಬರ್ ನಂತರ. ಬಜೆಟ್ ಹಾಳೆಯ ಅಂಕಿಯನ್ನು ಹಾಗೇ ಇಳಿಸಿದರೆ 3,65,000 ಬರುತ್ತದೆ. ನಿಮ್ಮ ಹತ್ತಿರ 2,55,000 ಇದೆ. ಫಂಡರ್ ಎರಡರ ವ್ಯತ್ಯಾಸ ತೆಗೆದು 1,10,000 ಕಳಿಸುತ್ತಾರೆ. ಅವರ ತಪ್ಪೇನೂ ಇಲ್ಲ, ನೀವು ಕೇಳಿದ್ದೇ ಅಷ್ಟು. ಜುಲೈನಲ್ಲಿ ಕಿಟ್‌ನ 2,10,000 ಬಿಲ್ ಬರುತ್ತದೆ. ಆಗಸ್ಟ್ ಗೌರವಧನವನ್ನು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಬೇಕಲ್ಲ, ಅದಕ್ಕೆ ಹಣ ಇರುವುದಿಲ್ಲ. ಹಳ್ಳಿಯಲ್ಲಿ ತಿಂಗಳಿಗೆ ಆರು ಸಾವಿರಕ್ಕೆ ಪಾಠ ಹೇಳುವವರಿಗೆ ಕಾಯಿ ಅನ್ನುವುದು ನನಗಂತೂ ತುಂಬಾ ಕಷ್ಟದ ಮಾತು.

ಅಂದಾಜನ್ನು ಬಜೆಟ್‌ನಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. 12 ಕೇಂದ್ರ, ಮೂರು ತಿಂಗಳು, ತಿಂಗಳಿಗೆ 6,000: ಗೌರವಧನ 2,16,000. ಸಂಬಳ 1,05,000. ಏಳು ಕೇಂದ್ರಕ್ಕೆ ತಲಾ 30,000ದಂತೆ ಕಿಟ್ 2,10,000. ಪ್ರಯಾಣ 24,000. ಕಚೇರಿ 20,000. ಒಟ್ಟು 5,75,000. ಇದರಲ್ಲಿ ಕೈಯಲ್ಲಿರುವ 2,55,000 ಕಳೆದರೆ ನೀವು ಕೇಳಬೇಕಾದದ್ದು 3,20,000. ಕಿಟ್ ಬಿಲ್ ಜುಲೈನಲ್ಲೇ ಕಟ್ಟಬೇಕು, ಹಾಗಾಗಿ ಜುಲೈ 25ರೊಳಗೆ ಹಣ ಬೇಕು ಅಂತ ದಿನಾಂಕ ಹಾಕಿಯೇ ಕೇಳಿ. ಮೂರು ತಿಂಗಳ ಒಟ್ಟು ಸರಿ ಇದ್ದರೂ ಮೊದಲ ತಿಂಗಳಲ್ಲೇ ಕೊರತೆ ಬೀಳಬಹುದು. ತಿಂಗಳುವಾರು ಬಿಡಿಸಿ ಬರೆದರೆ ಅದು ಮೊದಲೇ ಕಾಣುತ್ತದೆ.

ಪ್ರಯಾಣಕ್ಕೆ ನಾನು ಯಾಕೆ 24,000 ಹಾಕಿದೆ, 31,000 ಹಾಕಲಿಲ್ಲ? ನೀವೇ ಬರೆದಿದ್ದೀರಿ, ಮೂರು ಹಳ್ಳಿಗಳಲ್ಲಿ ಜಾಗ ಮತ್ತು ಶಿಕ್ಷಕರು ಸಿಗದೆ ಸಂಯೋಜಕರು ಮತ್ತೆ ಮತ್ತೆ ಹೋಗಿ ಬರಬೇಕಾಯಿತು ಅಂತ. ಕೇಂದ್ರಗಳು ಈಗ ಶುರುವಾಗಿವೆ, ಆ ಓಡಾಟ ಮುಗಿಯಿತು. ಹಾಗಾಗಿ ಇದು ಒಂದು ಸಲದ ಹೆಚ್ಚಳ. ಅದೇ ಪೆಟ್ರೋಲ್ ದರ ಏರಿ ಜಾಸ್ತಿ ಆಗಿದ್ದರೆ, ಉಳಿದ ಮೂರು ತ್ರೈಮಾಸಿಕಕ್ಕೂ ಏರಿಸಿ ತೋರಿಸಬೇಕಿತ್ತು. ಕಾರಣ ಬರೆಯುವಾಗ "ಪ್ರಯಾಣ ಹೆಚ್ಚಾಯಿತು" ಅಂತ ಬರೆಯುವವರು ಬಹಳ. ಅದು ಕಾರಣ ಅಲ್ಲ, ಅಂಕಿಯನ್ನೇ ಮಾತಿನಲ್ಲಿ ಹೇಳಿದ ಹಾಗೆ. ಯಾಕೆ, ಇನ್ನು ಮುಂದೆಯೂ ಹಾಗೇ ಇರುತ್ತದಾ, ಇವೆರಡನ್ನು ಹೇಳಿ. ಒಂದು ಬಾಬ್ತು ಎಷ್ಟು ದಾಟಿದರೆ ಮೊದಲೇ ಅನುಮತಿ ಬೇಕು ಅಂತ ಒಪ್ಪಂದದಲ್ಲಿ ಇರುತ್ತದೆ. 10% ಅಂತ ಹಾಕುವುದು ಸಾಮಾನ್ಯ. ಆ ಮಿತಿ ತ್ರೈಮಾಸಿಕಕ್ಕೋ ವರ್ಷಕ್ಕೋ ನೋಡಿಕೊಳ್ಳಿ. ನಿಮ್ಮ ಪ್ರಯಾಣ ಈ ಮೂರು ತಿಂಗಳಿಗೆ 29% ದಾಟಿದೆ, ಆದರೆ ವರ್ಷದ 96,000ಕ್ಕೆ ಹೋಲಿಸಿದರೆ ಸುಮಾರು 7% ಮಾತ್ರ.

ಕೈಯಲ್ಲಿರುವುದು 2,55,000 ಅಂತ ಹೇಳಿದೆ. ನಿಮ್ಮ ಪಾಸ್‌ಬುಕ್ ಬೇರೆಯೇ ಹೇಳುತ್ತದೆ ಅಂತ ನನಗೆ ಗೊತ್ತು. ಜೂನ್ 30ಕ್ಕೆ ಅಲ್ಲಿ 3,15,000 ಇದೆ, ಅಲ್ವಾ? ವರದಿಯ ಅತಿ ಮುಖ್ಯ ಪರೀಕ್ಷೆ ಇಲ್ಲೇ ಇದೆ. ಬಂದದ್ದು 8,15,000. ಬ್ಯಾಂಕ್ ಬಡ್ಡಿ 3,000 (ಅದನ್ನೂ ತೋರಿಸಲೇಬೇಕು, ಅದು ಯೋಜನೆಯ ಹಣ). ಖರ್ಚು 5,63,000. ಉಳಿಯಬೇಕಾದದ್ದು 2,55,000.

ಪಾಸ್‌ಬುಕ್‌ನ 3,15,000ದಲ್ಲಿ ಜೂನ್ ತಿಂಗಳ ಗೌರವಧನ 72,000 ಸೇರಿದೆ. ಅದನ್ನು ಕೊಟ್ಟದ್ದು ಜುಲೈ 5ಕ್ಕೆ, ಆದರೆ ಕೆಲಸ ಜೂನ್‌ನದು, ನೀವು ಜೂನ್ ಖರ್ಚಿನಲ್ಲೇ ಹಾಕಿದ್ದೀರಿ. ಅದನ್ನು ಕಳೆದರೆ 2,43,000. ಇನ್ನೂ 12,000 ಕಡಿಮೆ ಇದೆ. ಅದು ಎಲ್ಲಿ ಹೋಯಿತು? ತರಬೇತಿಗೆ ಅಂತ ಸಂಯೋಜಕರಿಗೆ 90,000 ಮುಂಗಡ ಕೊಟ್ಟಿದ್ದಿರಿ. ಬಿಲ್ ಬಂದದ್ದು 78,000ಕ್ಕೆ. ಉಳಿದದ್ದು ಇನ್ನೂ ಅವರ ಕೈಯಲ್ಲಿದೆ. ಈಗ ತಾಳೆಯಾಯಿತು.

ಈ ಮುಂಗಡದ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಸ್ಥೆಯ ವರದಿಯಲ್ಲಿ ಕೊಟ್ಟ ಮುಂಗಡವನ್ನೆಲ್ಲ ಖರ್ಚು ಅಂತ ಬರೆದುಬಿಟ್ಟೆ. ಮುಂದಿನ ತ್ರೈಮಾಸಿಕದಲ್ಲಿ ಉಳಿದ ಹಣ ವಾಪಸ್ ಬಂದಾಗ ಆ ಬಾಬ್ತಿನಲ್ಲಿ ಖರ್ಚು ಮೈನಸ್‌ಗೆ ಹೋಯಿತು. ಒಮ್ಮೆ ಕಳಿಸಿದ ಅಂಕಿಯನ್ನು ಬದಲಿಸಿ ಇನ್ನೊಮ್ಮೆ ಕಳಿಸಬೇಕಾಯಿತು, ಆಮೇಲೆ ಒಂದು ವರ್ಷ ಪ್ರತಿ ವೋಚರ್ ಪ್ರತಿಯನ್ನೂ ಕೇಳಿದರು. ಮುಂಗಡ ಕೊಟ್ಟಾಗ ಖರ್ಚಲ್ಲ, ಬಿಲ್ ಬಂದು ಪಾಸಾದಾಗ ಖರ್ಚು. ವರದಿಯಲ್ಲಿ ಅದಕ್ಕೆ ಬೇರೆ ಸಾಲು ಇಡಿ. ಆ 12,000ವನ್ನು ವರದಿ ಕಳಿಸುವ ಮೊದಲೇ ಬ್ಯಾಂಕಿಗೆ ಕಟ್ಟಿಸಿಬಿಡಿ.

ಗೌರವಧನದಂತೆ ಕೊಡಬೇಕಾದದ್ದನ್ನು ಖರ್ಚಿಗೆ ಸೇರಿಸುವ ಪದ್ಧತಿ ಇಟ್ಟುಕೊಂಡರೆ ಎಲ್ಲ ಬಾಬ್ತಿಗೂ, ಎಲ್ಲ ತ್ರೈಮಾಸಿಕಕ್ಕೂ ಅದೇ ಇರಲಿ. ಕೆಲವು ಫಂಡರ್‌ಗಳು ಬ್ಯಾಂಕಿನಿಂದ ಹೋದದ್ದನ್ನು ಮಾತ್ರ ಖರ್ಚು ಅನ್ನುತ್ತಾರೆ. ಒಪ್ಪಂದದಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ. ಸರಕೇ ಬರದ ಏಳು ಕಿಟ್‌ಗಳನ್ನು ಮಾತ್ರ ಎರಡೂ ಪದ್ಧತಿಯಲ್ಲಿ ಜೂನ್ ಖರ್ಚಿಗೆ ಸೇರಿಸುವ ಹಾಗಿಲ್ಲ. ಅಂಕಿ ಚೆನ್ನಾಗಿ ಕಾಣಲಿ ಅಂತ ಜೂನ್ 30ರ ತಾರೀಖಿಗೆ ಬಿಲ್ ಬರೆಸಿಕೊಳ್ಳುವವರಿದ್ದಾರೆ. ಸರಕು ಬಂದ ದಿನ ಕೇಂದ್ರದ ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುತ್ತದೆ, ಆಡಿಟ್‌ನಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ.

ಸಿಎಸ್‌ಆರ್ ಹಣ ಉಳಿಯುವುದನ್ನು ಮೊದಲೇ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್‌ಗೆ ಒಳಪಟ್ಟ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ 2% ಖರ್ಚು ಮಾಡಬೇಕು. ನಿಮಗೆ ಹಣ ಕಳಿಸಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಕೊಟ್ಟ ಹಣ ಒಪ್ಪಿದ ಕೆಲಸಕ್ಕೇ ಬಳಕೆಯಾಗಿದೆ ಅಂತ ಅವರ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ವರ್ಷಗಳ ಕಾಲ ನಡೆಯುವ ಯೋಜನೆಯಲ್ಲಿ ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದನ್ನು 30 ದಿನದೊಳಗೆ ಬೇರೆ ಬ್ಯಾಂಕ್ ಖಾತೆಗೆ ಹಾಕಬೇಕು. ಆದ್ದರಿಂದ ಉಳಿಯುವ 42,000 ಜುಲೈನಲ್ಲೇ ಗೊತ್ತಾದರೆ ಅವರು ಅದಕ್ಕೆ ದಾರಿ ಹುಡುಕುತ್ತಾರೆ. ಮಾರ್ಚ್ 25ಕ್ಕೆ ಗೊತ್ತಾದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಆ 42,000ಕ್ಕೆ ವರದಿಯ ಜೊತೆಗೇ ಒಂದು ಪತ್ರ ಇಡಿ. ತಡವಾಗಿ ಶುರುವಾದ ಮೂರು ಕೇಂದ್ರಗಳ ಮಕ್ಕಳಿಗೆ ಎರಡು ತಿಂಗಳ ಪಾಠ ತಪ್ಪಿದೆ. ಅಕ್ಟೋಬರ್ ದಸರಾ ರಜೆಯಲ್ಲಿ ಆ ಮೂರು ಹಳ್ಳಿಗಳಲ್ಲಿ ಹಗಲು ಹೊತ್ತು ಹೆಚ್ಚುವರಿ ತರಗತಿ ನಡೆಸಲು ಈ ಹಣ ಬಳಸಬಹುದಾ ಅಂತ ಕೇಳಿ, ಎಷ್ಟು ದಿನ, ದಿನಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕಿ ಕೊಡಿ. ಇಮೇಲ್‌ನಲ್ಲಿ ಒಪ್ಪಿಗೆ ಬರುವವರೆಗೆ ಆ ಹಣವನ್ನು ಯಾವ ಅಂದಾಜಿಗೂ ಸೇರಿಸಬೇಡಿ.