ಸಾಕೆಟ್ ಒಂದೇ, ಆದ್ರೂ ಡಿಸ್‌ಪ್ಲೇ ಯಾಕೆ ಬರಲ್ಲ?

ದಾವಣಗೆರೆಲಿ ಕಂಪ್ಯೂಟರ್ ಅಂಗಡಿಗೆ ಹೋಗಿ ಬಿ450 ಮದರ್‌ಬೋರ್ಡಿಗೆ ಎಎಂಡಿಯ ರೈಜನ್ 5 5600 ಪ್ರೊಸೆಸರ್ ಕೂರುತ್ತಾ ಅಂತ ಕೇಳಿದ್ರೆ, "ಕೂರ್ತತಿ ಬಿಡ್ರಿ, ಎರಡೂ ಎಎಂ4 ಅಲ್ವೇನ್ರಿ" ಅಂತಾರೆ. ಎಎಂ4 ಅನ್ನೋದು ಪ್ರೊಸೆಸರ್ ಕೂರೋ ಸಾಕೆಟ್ಟಿನ ಹೆಸರು, ಮಾತು ಸುಳ್ಳಲ್ಲ, ಕೂರುತ್ತೆ. ಆನ್ ಆಗುತ್ತಾ ಅನ್ನೋದು ಬೇರೆ ಪ್ರಶ್ನೆ.

ತೊಂಬತ್ತರ ದಶಕದಲ್ಲಿ ಸಾಕೆಟ್ 7 ಅಂತ ಒಂದಿತ್ತು, ಇಂಟೆಲ್, ಎಎಂಡಿ, ಸೈರಿಕ್ಸ್ ಮೂರೂ ಅದರಲ್ಲೇ ಕೂರ್ತಿದ್ವು, ಆಮೇಲೆ ಇಂಟೆಲ್ ಒಂದು ದಾರಿ ಎಎಂಡಿ ಒಂದು ದಾರಿ. ಇಂಟೆಲ್ 2017ರಲ್ಲಿ ಎಂಟನೇ ಜನರೇಶನ್ ತಂದಾಗ ಸಾಕೆಟ್ ಹೆಸರು ಹಳೇದೇ, ಎಲ್‌ಜಿಎ 1151, ಪ್ರೊಸೆಸರ್ ಹಳೇ ಬೋರ್ಡಲ್ಲಿ ಸಲೀಸಾಗಿ ಕೂರ್ತಿತ್ತು, ಆದ್ರೆ 300 ಸೀರೀಸ್ ಚಿಪ್‌ಸೆಟ್ಟೇ ಬೇಕು ಅಂದ್ರು. ಅಲ್ಲಿ ಬಯಾಸ್, ಅಂದ್ರೆ ಪಿಸಿ ಶುರು ಮಾಡೋ ಬೋರ್ಡಿನ ಕೋಡ್, ಕಂಪನಿ ಕೊಡೋ ಯಾವುದು ಹಾಕಿದ್ರೂ ಉಪಯೋಗ ಇಲ್ಲ, ಬೋರ್ಡೇ ಬದಲಾಯಿಸ್ಬೇಕು.

ಎಎಂಡಿಯ ಎಎಂ4 ಕಥೆ ಬೇರೆ. ರೈಜನ್ 2017ರಲ್ಲಿ ಬಂದಾಗ ಬಿ350, ಎಕ್ಸ್370 ಬೋರ್ಡುಗಳು, 2018ರಲ್ಲಿ ಬಿ450, 2020ರಲ್ಲಿ ಬಿ550, ಸಾಕೆಟ್ ಮಾತ್ರ ಅದೇ. ಇಲ್ಲಿ ರ‍್ಯಾಮೂ ಗ್ರಾಫಿಕ್ಸ್ ಕಾರ್ಡೂ ನೇರ ಪ್ರೊಸೆಸರಿಗೇ ಜೋಡಣೆ ಆಗಿರ್ತವೆ, ಚಿಪ್‌ಸೆಟ್ ನೋಡ್ಕೊಳ್ಳೋದು ಹೆಚ್ಚಾಗಿ ಉಳಿದ ಯುಎಸ್‌ಬಿ, ಸಾಟಾ ಪೋರ್ಟುಗಳನ್ನ. ಹಾಗಾಗಿ ಹೊಸ ಪ್ರೊಸೆಸರ್ ಹಳೇ ಬೋರ್ಡಲ್ಲಿ ಓಡೋದಕ್ಕೆ ಅಡ್ಡ ಬಂದಿದ್ದು ಬಹುಪಾಲು ಬಯಾಸೇ.

ಅದು ಹೇಗೆ ಅಂದ್ರೆ, ಪವರ್ ಬಟನ್ ಒತ್ತಿದ ಮೇಲೆ ರ‍್ಯಾಮ್ ಎಬ್ಬಿಸೋ ಈ ಬಯಾಸ್ ಕೋಡ್ ಬೋರ್ಡಿನ ಒಂದು ಸಣ್ಣ ಫ್ಲಾಶ್ ಚಿಪ್ಪಲ್ಲಿರುತ್ತೆ. ಆ ಪ್ರೊಸೆಸರ್ ಯಾವುದು, ಹೇಗೆ ಶುರು ಮಾಡ್ಬೇಕು ಅನ್ನೋ ಭಾಗ ಅದರಲ್ಲಿ ಇಲ್ಲದಿದ್ರೆ ರ‍್ಯಾಮೇ ಏಳಲ್ಲ, ಡಿಸ್‌ಪ್ಲೇ ಬರಲ್ಲ, ಬಯಾಸ್ ಮೆನು ತೆಗೆದು ಅಪ್‌ಡೇಟ್ ಮಾಡೋಣ ಅಂದ್ರೆ ಅದಕ್ಕೂ ಡಿಸ್‌ಪ್ಲೇ ಬೇಕಲ್ಲ. ಮನೆ ಬೀಗದ ಕೈ ಮನೆ ಒಳಗೇ ಉಳಿದಂಗೆ.

ಇನ್ನೊಂದು ಸಿಕ್ಕು, ತುಂಬಾ ಎಎಂ4 ಬೋರ್ಡುಗಳಲ್ಲಿ ಆ ಚಿಪ್ 16 ಎಂಬಿ ಮಾತ್ರ. ಪ್ರತಿ ಜನರೇಶನ್ನಿನ ಕೋಡ್ ಸೇರಿಸ್ತಾ ಹೋದ್ರೆ ಜಾಗ ಸಾಲಲ್ಲ. 2020ರ ಮೇ ತಿಂಗಳಲ್ಲಿ, ಮುಂದೆ ಬರೋ ಝೆನ್ 3 ಪ್ರೊಸೆಸರಿಗೆ, ಅಂದ್ರೆ 5600 ಸೇರೋ ಜನರೇಶನ್ನಿಗೆ, ಬಿ450 ತರದ 400 ಸೀರೀಸ್ ಬೋರ್ಡ್ ನಡೆಯಲ್ಲ ಅಂತ ಎಎಂಡಿಯವರು ಹೇಳಿ ಇದನ್ನೇ ಕಾರಣ ಕೊಟ್ರು, ಜನ ರೊಚ್ಚಿಗೆದ್ರು, ಅದೇ ತಿಂಗಳು ನಿರ್ಧಾರ ವಾಪಸ್. ಬಿ350, ಎಕ್ಸ್370 ಇರೋ ಎಎಂಡಿಯ 300 ಸೀರೀಸಿಗೂ 2022ರಲ್ಲಿ ಬಾಗಿಲು ತೆಗೀತು. ಜಾಗ ಮಾಡೋಕೆ ಕೆಲವು ಬೋರ್ಡಿನವರು ಬಯಾಸ್ ಮೆನುವಿನ ಚಿತ್ರ ಕಿತ್ತು ಬರೀ ಅಕ್ಷರ ಇಟ್ರು, ಹಳೇ ಎ ಸೀರೀಸ್ ಪ್ರೊಸೆಸರುಗಳನ್ನ ಕೈಬಿಟ್ರು. ಆಗಲ್ಲ ಅಂದಿದ್ದು ಆಯ್ತಲ್ಲ, ಮೊದಲೇ ಇನ್ನೊಂಚೂರು ದೊಡ್ಡ ಚಿಪ್ ಹಾಕಿದ್ರೆ ಇಷ್ಟು ಗೋಳೇ ಇರ್ತಿರಲಿಲ್ಲ ಅನ್ಸುತ್ತೆ.

ಪಿಜೆ ಎಕ್ಸ್‌ಟೆನ್ಶನ್ ಕಡೆಯ ಪರಿಚಯದ ಹುಡುಗನೊಬ್ಬನ ಪಿಸಿ ತಗೊಳ್ಳಿ. ಬಿ450 ಬೋರ್ಡ್, ರೈಜನ್ 3 2200ಜಿ, ಜೊತೆಗೆ ಒಂದು ಗ್ರಾಫಿಕ್ಸ್ ಕಾರ್ಡ್. ಸೆಕೆಂಡ್ ಹ್ಯಾಂಡ್ 5600 ತಂದು ನೇರ ಹಾಕಿದ. ಫ್ಯಾನ್ ತಿರುಗ್ತು, ಬೋರ್ಡ್ ಮೇಲೆ ಸಿಪಿಯು ಅಂತ ಬರೆದಿರೋ ಕೆಂಪು ಲೈಟ್ ಹತ್ತಿದ್ದು ಆರಲೇ ಇಲ್ಲ. ಇಲ್ಲಿ ಮೊದಲು ನೋಡ್ಬೇಕಾದ್ದು ಮಾನಿಟರ್ ಕೇಬಲ್, ಯಾಕಂದ್ರೆ 2200ಜಿ ಒಳಗೇ ಗ್ರಾಫಿಕ್ಸ್ ಇದೆ, 5600ರಲ್ಲಿ ಇಲ್ಲ, ಕೇಬಲ್ ಬೋರ್ಡಿಗೇ ಚುಚ್ಚಿದ್ರೆ ಎಲ್ಲಾ ಸರಿ ಇದ್ರೂ ಸ್ಕ್ರೀನ್ ಕಪ್ಪೇ. ಇವನದು ಕಾರ್ಡಿಗೇ ಇತ್ತು, ಲೈಟೂ ಆರ್ತಿರಲಿಲ್ಲ, ಸೋ ಬಯಾಸ್ ಮೇಲೇ ಅನುಮಾನ.

2200ಜಿ ವಾಪಸ್ ಹಾಕಿ ವಿಂಡೋಸಲ್ಲಿ ರನ್ ಬಾಕ್ಸ್ ತೆಗೆದು ಇದನ್ನ ಟೈಪ್ ಮಾಡಿದ್ವಿ:

```
msinfo32
```

ಅಲ್ಲಿ "BIOS Version/Date" ಅನ್ನೋ ಸಾಲಲ್ಲಿ 2019ರ ತಾರೀಖು. ಬೋರ್ಡ್ ಕಂಪನಿ ಸೈಟಿನ ಸಿಪಿಯು ಸಪೋರ್ಟ್ ಪಟ್ಟಿಲಿ ಪ್ರತಿ ಪ್ರೊಸೆಸರ್ ಮುಂದೆ ಯಾವ ವರ್ಷನ್ನಿಂದ ನಡೆಯುತ್ತೆ ಅಂತ ಬರೆದಿರ್ತಾರೆ, 5600 ಮುಂದೆ ಇದ್ದಿದ್ದು ಅದಕ್ಕಿಂತ ಎಷ್ಟೋ ಮುಂದಿನ ವರ್ಷನ್. ಆ ಫೈಲನ್ನ ಎಫ್‌ಎಟಿ32 ಪೆನ್‌ಡ್ರೈವಿಗೆ ಹಾಕಿ ಬಯಾಸ್ ಒಳಗಿಂದಲೇ ಅಪ್‌ಡೇಟ್ ಮಾಡಿದ್ದಾಯ್ತು. ಬೋರ್ಡ್ ಹೆಸರಿನ ಪ್ರತಿ ಅಕ್ಷರ ಹೊಂದ್ಬೇಕು, ಕೊನೇಲಿ ಮ್ಯಾಕ್ಸ್ ಅಂತ ಇರೋದು ಇಲ್ಲದ್ದು ಎರಡೂ ಬೇರೆ ಬೋರ್ಡು. ಕೆಲವು ಬೋರ್ಡಿಗೆ ನಡುವಿನ ಒಂದು ವರ್ಷನ್ ಮೊದಲು ಹಾಕಿ ಅಂತ ಡೌನ್‌ಲೋಡ್ ಪುಟದಲ್ಲೇ ಬರೆದಿರ್ತಾರೆ, ಅದನ್ನ ಹಾರಿಸಂಗಿಲ್ಲ. ಬೇಸಿಗೆಲಿ ನಮ್ಮ ಕಡೆ ಕರೆಂಟ್ ಹೋಗೋದು ಗೊತ್ತೇ ಇದೆ, ಬರೆಯೋವಾಗ ನಡುವೆ ಹೋದ್ರೆ ಬೋರ್ಡ್ ಸತ್ತಂಗೇ, ಯುಪಿಎಸ್ ಇಲ್ಲದೆ ಕೈ ಹಾಕ್ಬೇಡಿ.

ಹಳೇ ಪ್ರೊಸೆಸರನ್ನ ಆಗಲೇ ಮಾರಿಬಿಟ್ಟಿದ್ರೆ? ಬೋರ್ಡ್ ಹಿಂದೆ ಫ್ಲಾಶ್ ಬಯಾಸ್ ಅಂತ ಬಟನ್ ಇದ್ಯಾ ನೋಡಿ. ಇದ್ರೆ ಪ್ರೊಸೆಸರ್, ರ‍್ಯಾಮ್ ಎರಡೂ ಬೇಡ, ಪವರ್ ಸಪ್ಲೈ ಒಂದು ಸಾಕು, ಬೋರ್ಡ್ ಮೇಲಿನ ಬೇರೆ ಸಣ್ಣ ಕಂಟ್ರೋಲರ್ರೇ ಪೆನ್‌ಡ್ರೈವ್ ಓದಿ ಚಿಪ್ಪಿಗೆ ಬರೆಯುತ್ತೆ. ಫೈಲ್ ಹೆಸರು ಮಾತ್ರ ಮ್ಯಾನುಯಲ್ಲಲ್ಲಿ ಹೇಳಿದಂಗೇ ಇರ್ಬೇಕು, ಎಂಎಸ್‌ಐ ಬೋರ್ಡಿಗೆ MSI.ROM ಅಂತ. ಪೆನ್‌ಡ್ರೈವನ್ನೂ ಗುರುತು ಮಾಡಿರೋ ಪೋರ್ಟಿಗೇ ಚುಚ್ಚಬೇಕು. ಆ ಬಟನ್ ಇಲ್ಲ ಅಂದ್ರೆ ಯಾರ ಹತ್ರನಾದ್ರೂ ಹಳೇ ರೈಜನ್ ಒಂದು ಸಂಜೆಗೆ ಕಡ ತರ್ಬೇಕು, ಇಲ್ಲ ಅಪ್‌ಡೇಟ್ ಮಾಡಿಕೊಡೋ ಅಂಗಡಿ ಹುಡುಕ್ಬೇಕು. ನಮ್ಮೂರಲ್ಲಿ ಸಿಗದಿದ್ರೆ ಬೋರ್ಡ್ ಹಿಡ್ಕೊಂಡು ಬೆಂಗಳೂರಿನ ಎಸ್‌ಪಿ ರೋಡ್ ತನಕ ಓಡಾಟ.

ಇದಕ್ಕೆ ತಲೆಕೆಟ್ಟು ಬಿ550 ತಗೊಂಡುಬಿಡ್ತೀನಿ ಅನ್ನೋರು ಒಂದು ನೋಡ್ಕೊಳ್ಳಿ. 5600ಗೇನೋ ಅದು ಸರಿ, ಆದ್ರೆ 2200ಜಿ, 3200ಜಿ ತರದ ಹಳೇವಕ್ಕೆ ಬಿ550ಲಿ ಅಧಿಕೃತ ಸಪೋರ್ಟ್ ಇಲ್ಲ, ಸಾಕೆಟ್ ಅದೇ ಎಎಂ4 ಆದ್ರೂನೂ.