ಗೋಡೆಯ ಸ್ವಿಚ್ ಒತ್ತಿದರೆ ಜಿಗ್‌ಬೀ ದಾರಿಯೇ ಕಡಿಯುತ್ತದೆ

ಹುಬ್ಬಳ್ಳಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಸ್ಮಾರ್ಟ್ ಬಲ್ಬ್ ಹಾಕಿಸುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ವೈಫೈದು ದೂರ ಹಿಡಿತೈತ್ರಿ, ಜಿಗ್‌ಬೀದು?" ಎರಡೂ ಬಲ್ಬಿಗೆ ತಂತಿ ಇಲ್ಲದೆ ಸಂದೇಶ ಮುಟ್ಟಿಸುವ ರೀತಿಗಳು. ಡಬ್ಬಿಯ ಮೇಲೆ ಎಷ್ಟು ಮೀಟರ್ ಬರೆದಿದೆ ಅಂತ ನೋಡಿ ತರುತ್ತಾರೆ. ಜಿಗ್‌ಬೀ ತಂದವರು ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗುತ್ತಾರೆ. ಬೆಳಿಗ್ಗೆ ನನಗೆ ಫೋನು: "ಸರ, ಒಳಗಿನ ರೂಮಿನ ಲೈಟ್ ಹತ್ತವಲ್ದು, ಮಾಲು ಖೊಟ್ಟಿ ಐತೇನ್ರಿ?"

ಮಾಲು ಸರಿ ಇರುತ್ತದೆ. ಅವರು ಆಫ್ ಮಾಡಿದ್ದು ಲೈಟನ್ನಷ್ಟೇ ಅಲ್ಲ, ಆ ಲೈಟ್ ದಾಟಿ ಒಳಗೆ ಹೋಗುವ ದಾರಿಯನ್ನು ಕೂಡ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದು, ಹಾಗಾಗಿ ಇವತ್ತು ಇದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ವೈಫೈ ಮಾತು ಮುಗಿಸೋಣ. ವೈಫೈ ಬಲ್ಬ್ ನೇರವಾಗಿ ರೌಟರ್ ಜೊತೆ ಮಾತಾಡುತ್ತದೆ, ನಡುವೆ ಯಾರೂ ಇಲ್ಲ. ನಿಮ್ಮ ಫೋನು ಹೆಚ್ಚಾಗಿ 5 ಗಿಗಾಹರ್ಟ್ಸ್‌ನಲ್ಲಿ ಇರುತ್ತದೆ, ಬಲ್ಬ್‌ಗಳು ಸಾಮಾನ್ಯವಾಗಿ 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. ಆದ್ದರಿಂದ "ಫೋನಿಗೆ ಫುಲ್ ಸಿಗ್ನಲ್ ಐತಲ್ರಿ" ಅನ್ನುವುದರಿಂದ ಬಲ್ಬಿನ ಸ್ಥಿತಿ ಏನೂ ಗೊತ್ತಾಗುವುದಿಲ್ಲ. ಐದಾರು ಮಹಡಿಯ ಕಟ್ಟಡದಲ್ಲಿ ಸಂಜೆ ಹೆಚ್ಚಿನ ಮನೆಗಳ ರೌಟರ್‌ಗಳು ಅದೇ 2.4ರ ಮೂರು ಚಾನೆಲ್‌ಗಳಲ್ಲಿ, ಅಂದರೆ 1, 6, 11ರಲ್ಲಿ ಸೇರಿಕೊಂಡಿರುತ್ತವೆ. ಒಂದೇ ಚಾನೆಲ್‌ನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಬಲ್ಬಿನ ಆಂಟೆನಾ ಪುಟ್ಟದು, ಅದು ಹೋಲ್ಡರ್ ಒಳಗೆ ಮೂಲೆಯಲ್ಲಿ ಕೂತಿರುತ್ತದೆ, ಅದರ ದನಿ ಕೇಳಿಸದೆ ಮತ್ತೆ ಮತ್ತೆ ಕಳಿಸುತ್ತದೆ, ಕೊನೆಗೆ ಆ್ಯಪ್‌ನಲ್ಲಿ "ಆಫ್‌ಲೈನ್" ಅಂತ ಬರುತ್ತದೆ. ಬೆಳಿಗ್ಗೆ ಸರಿ, ಸಂಜೆ ಏಳರಿಂದ ಹತ್ತು ತೊಂದರೆ ಅಂದರೆ ಹೆಚ್ಚಾಗಿ ಇದೇ ಕಾರಣ. ಅದಕ್ಕೆ ದೊಡ್ಡ ಆಂಟೆನಾದ ರೌಟರ್ ತಂದರೆ ರೌಟರಿನ ದನಿ ಜೋರಾಗಬಹುದು, ಅಕ್ಕಪಕ್ಕದ ಗದ್ದಲ ಕಡಿಮೆ ಆಗುವುದಿಲ್ಲ.

ಜಿಗ್‌ಬೀ ಕೂಡ ಅದೇ 2.4ರಲ್ಲೇ ಇದೆ. ಇದನ್ನು ಕೇಳಿದರೆ ಜನ ಬೆರಗಾಗುತ್ತಾರೆ. ಅದರ ಚಾನೆಲ್‌ಗಳು 11ರಿಂದ 26, ಆದರೆ ಈ ನಂಬರ್‌ಗೂ ವೈಫೈ ನಂಬರ್‌ಗೂ ಸಂಬಂಧ ಇಲ್ಲ. ಜಿಗ್‌ಬೀ 11 ಬಂದು ಬೀಳುವುದು ವೈಫೈ 1ರ ಒಳಗೆ. 15 ಮತ್ತು 20 ವೈಫೈ ಚಾನೆಲ್‌ಗಳ ಸಂದಿಯಲ್ಲಿವೆ, 25 ವೈಫೈ 11ರ ಆಚೆ. ತುಂಬಿದ ಕಟ್ಟಡದಲ್ಲಿ ನಾನು ಮೊದಲು ನೋಡುವುದು 25. ಪಕ್ಕದವರ ರೌಟರ್ 13ನೇ ಚಾನೆಲ್‌ನಲ್ಲಿದ್ದರೆ ಅದೂ ಕೆಡುತ್ತದೆ, ಹಾಗಾಗಿ ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿ ಸಂಜೆ ಹೊತ್ತಲ್ಲೇ ನೋಡಬೇಕು. ಜಿಗ್‌ಬೀ ಬಲ್ಬ್‌ಗಳಿಗೆ ಸಂದೇಶ ಕಳಿಸುವ ಸಾಧನವೇ ಹಬ್. ಆ ಹಬ್ಬನ್ನು ರೌಟರಿನ ಮೇಲೆ ಇಡಬೇಡಿ, ಕನಿಷ್ಠ ಒಂದು ಮೀಟರ್ ದೂರ ಇಡಿ. ಇಷ್ಟು ಮಾಡಿದರೆ ಗದ್ದಲದ ಪಾಲಿನ ಕೆಲಸ ಬಹುಮಟ್ಟಿಗೆ ಮುಗಿಯಿತು.

ಇನ್ನು ದೂರದ ಮಾತು. ಇಲ್ಲಿಯೇ ಎಲ್ಲರೂ ಎಡವುವುದು.

ಜಿಗ್‌ಬೀ ಹಬ್ಬಿನ ದನಿ ವೈಫೈ ರೌಟರಿಗಿಂತ ಸಾಮಾನ್ಯವಾಗಿ ಸಣ್ಣದು. ಇಟ್ಟಿಗೆ ಗೋಡೆ ಎರಡು ದಾಟುವಷ್ಟರಲ್ಲಿ ಸೊರಗುತ್ತದೆ, ಕಾಂಕ್ರೀಟ್ ಕಂಬ ಅಡ್ಡ ಬಂದರೆ ಇನ್ನೂ ಬೇಗ. ಆದರೂ ಮನೆ ತುಂಬ ಮುಟ್ಟುತ್ತದೆ, ಯಾಕೆಂದರೆ ಸಾಮಾನ್ಯವಾಗಿ ಕರೆಂಟಿನಲ್ಲಿರುವ ಪ್ರತಿ ಬಲ್ಬೂ ತನಗೆ ಬಂದ ಸಂದೇಶವನ್ನು ಮುಂದಿನ ಬಲ್ಬಿಗೆ ದಾಟಿಸುತ್ತದೆ. ಹಾಲ್‌ನ ಬಲ್ಬ್ ಪ್ಯಾಸೇಜಿನದಕ್ಕೆ, ಪ್ಯಾಸೇಜಿನದು ಬೆಡ್‌ರೂಮಿನದಕ್ಕೆ. ಬಕೆಟ್‌ನಲ್ಲಿ ನೀರು ಕೈಯಿಂದ ಕೈಗೆ ದಾಟಿಸುವ ಸಾಲಿದ್ದಂತೆ, ನಡುವಿನವನು ಎದ್ದು ಹೋದರೆ ಸಾಲು ಕಡಿಯಿತು.

ಆ್ಯಪ್‌ನಲ್ಲಿ ಆಫ್ ಮಾಡಿದರೆ ಬೆಳಕು ಮಾತ್ರ ಹೋಗುತ್ತದೆ, ಒಳಗಿನ ರೇಡಿಯೋ ಎಚ್ಚರ ಇರುತ್ತದೆ. ಗೋಡೆಯ ಸ್ವಿಚ್ ಒತ್ತಿದರೆ ರೇಡಿಯೋ ಕೂಡ ಸತ್ತಂತೆ. ಸುತ್ತಲಿನ ಬಲ್ಬ್‌ಗಳು "ಅದು ಇದೆ" ಅಂತಲೇ ಸ್ವಲ್ಪ ಹೊತ್ತು ನಂಬಿ ಅದಕ್ಕೇ ಕಳಿಸುತ್ತವೆ, ಆಮೇಲೆ ಬೇರೆ ದಾರಿ ಹುಡುಕುತ್ತವೆ. ಬೇರೆ ದಾರಿ ಇದ್ದರೆ ತುಸು ಹೊತ್ತಿನಲ್ಲಿ ಸರಿಹೋಗುತ್ತದೆ. ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಪ್ಯಾಸೇಜಿಗೆ ಇರುವುದೇ ಒಂದು ಬಲ್ಬ್, ಬೇರೆ ದಾರಿ ಎಲ್ಲಿಂದ ಬರಬೇಕು?

ಗೋಕುಲ ರಸ್ತೆ ಕಡೆಯ ಒಂದು ಮನೆಯಲ್ಲಿ ಬಚ್ಚಲಿನ ಸೆನ್ಸರ್ ಮೇಲೆ ಎಲ್ಲರಿಗೂ ಸಿಟ್ಟು. ರಾತ್ರಿ ಯಾರಾದರೂ ಹೋದರೆ ಲೈಟ್ ಹತ್ತಬೇಕು, ಹತ್ತುತ್ತಿರಲಿಲ್ಲ. ಹಗಲಿಗೆ ಸರಿ. ಅವರು ಸೆನ್ಸರ್ ಬದಲಿಸಿದ್ದರು, ಹೊಸದೂ ಹಾಗೇ, ಮೇಲಾಗಿ ಬ್ಯಾಟರಿ ಬೇಗ ಖಾಲಿ. ಬ್ಯಾಟರಿ ಸಾಧನಗಳು ಸಂದೇಶ ದಾಟಿಸುವುದಿಲ್ಲ, ಹತ್ತಿರದ ಯಾವುದಾದರೂ ಒಂದಕ್ಕೆ ಅಂಟಿಕೊಂಡು ನಿದ್ದೆ ಮಾಡುತ್ತವೆ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ತೋರಿಸುವ ಹಬ್ಬಿನ ನಕ್ಷೆ ತೆಗೆದು ನೋಡಿದರೆ ಇದು ಅಂಟಿಕೊಂಡದ್ದು ಪ್ಯಾಸೇಜಿನ ಬಲ್ಬಿಗೆ. ಆ ಬಲ್ಬನ್ನು ಮನೆಯ ಅಜ್ಜಿ ದಿನಾ ರಾತ್ರಿ ಸ್ವಿಚ್ ಒತ್ತಿ ಆಫ್ ಮಾಡುತ್ತಿದ್ದರು. ಸೆನ್ಸರ್ ರಾತ್ರಿಯೆಲ್ಲ ತನ್ನ ಬಲ್ಬನ್ನು ಹುಡುಕಿ ಹುಡುಕಿ ಬ್ಯಾಟರಿ ಸುಡುತ್ತಿತ್ತು.

ನಾನು ಸ್ವಿಚ್ ಮುಟ್ಟಬೇಡಿ ಅಂದೆ. ಅಜ್ಜಿ ಒಪ್ಪಲಿಲ್ಲ. "ಉರಿಯಲಾರದ ಲೈಟಿಗೆ ಕರೆಂಟ್ ಯಾಕ ಕೊಡೂದು ತಮ್ಮಾ?" ಪ್ರಶ್ನೆ ನ್ಯಾಯವಾದದ್ದೇ, ಹಾಗಾಗಿ ಅವರ ಎದುರೇ ಲೆಕ್ಕ ಹಾಕಿದೆವು. ಎಚ್ಚರ ಇರುವ ಬಲ್ಬಿಗೆ ಅರ್ಧ ವ್ಯಾಟ್ ಅಂತ ಹಿಡಿದರೆ ತಿಂಗಳಿಗೆ 0.36 ಯೂನಿಟ್. ಎಂಟು ಬಲ್ಬಿಗೆ ಮೂರು ಯೂನಿಟ್ ಕೂಡ ಆಗುವುದಿಲ್ಲ. ಅವರಿಗೆ ಲೆಕ್ಕ ಒಪ್ಪಿಗೆ ಆಯಿತು, ಕೈಯ ರೂಢಿ ಮಾತ್ರ ಬಿಡಲಿಲ್ಲ. ಎಷ್ಟೋ ವರ್ಷದ ರೂಢಿ, ತಪ್ಪು ಅನ್ನಲಾಗದು. ಮನೆಯವರ ಕೈ ತಿದ್ದುವುದಕ್ಕಿಂತ ವೈರಿಂಗ್ ತಿದ್ದುವುದು ಸುಲಭ ಅಂತ ನನ್ನ ಅನುಭವ.

ಪ್ಯಾಸೇಜಿನ ಸ್ಮಾರ್ಟ್ ಬಲ್ಬ್ ತೆಗೆದು ಸಾದಾ ಎಲ್‌ಇಡಿ ಹಾಕಿದೆವು. ಸ್ವಿಚ್ ಬೋರ್ಡಿನ ಹಿಂದೆ ಜಿಗ್‌ಬೀ ಮಾಡ್ಯೂಲ್ ಕೂರಿಸಿದೆವು. ಈಗ ಅಜ್ಜಿ ಸ್ವಿಚ್ ಒತ್ತಿದರೆ ಲೈಟ್ ಆರುತ್ತದೆ, ಆದರೆ ಮಾಡ್ಯೂಲ್‌ಗೆ ಕರೆಂಟ್ ಇದ್ದೇ ಇರುತ್ತದೆ, ಅದು ಸಂದೇಶ ದಾಟಿಸುತ್ತಲೇ ಇರುತ್ತದೆ. ಆ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಇತ್ತು, ಹಾಗಾಗಿ ಇದು ಆಯಿತು. ಹಳೆಯ ಕಟ್ಟಡಗಳ ಬೋರ್ಡಿನಲ್ಲಿ ಎಷ್ಟೋ ಸಲ ಅದು ಇರುವುದಿಲ್ಲ. ನ್ಯೂಟ್ರಲ್ ಬೇಡದ ಮಾಡ್ಯೂಲ್‌ಗಳೂ ಸಿಗುತ್ತವೆ, ಆದರೆ ಅವು ಹೆಚ್ಚಾಗಿ ಸಂದೇಶ ದಾಟಿಸುವುದಿಲ್ಲ, ಕೊಳ್ಳುವ ಮುಂಚೆ ಕೇಳಿಕೊಳ್ಳಿ. ಬೋರ್ಡ್ ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಬಾಡಿಗೆ ಮನೆ, ಬೋರ್ಡ್ ಮುಟ್ಟುವಂತಿಲ್ಲ ಅಂದರೆ ಸಂದೇಶ ದಾಟಿಸುವ ಒಂದು ಜಿಗ್‌ಬೀ ಪ್ಲಗ್ ಸಾಕು. ಯಾರ ಕೈಯೂ ತಾಗದ ಪಾಯಿಂಟಿಗೆ ಅದನ್ನು ಹಾಕಿ, ಆ ಸ್ವಿಚ್ ಸದಾ ಆನ್ ಇರಲಿ. ಫ್ರಿಜ್ ಹಿಂದೆ ಬೇಡ, ತಗಡಿನ ಮರೆಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ.

ಮನೆಯಲ್ಲಿ ಎರಡು ಮೂರೇ ಬಲ್ಬ್, ಎಲ್ಲವೂ ರೌಟರ್ ಇರುವ ಹಾಲ್‌ನಲ್ಲೇ ಅಂದರೆ ವೈಫೈ ತಗೊಳ್ಳಿ, ಹಬ್ಬಿನ ಖರ್ಚು ಸುಮ್ನೆ ಯಾಕೆ? ಅಲ್ಲಿ ಒಂದರ ಸ್ವಿಚ್ ಒತ್ತಿದರೆ ಅದೊಂದೇ ಹೋಗುತ್ತದೆ, ಉಳಿದವಕ್ಕೆ ಏನೂ ಆಗುವುದಿಲ್ಲ. ಒಳಗಿನ ರೂಮು, ಬಾಲ್ಕನಿ, ಸೆನ್ಸರ್ ಅಂತ ಬೆಳೆಯುವ ಮನೆಗೆ ನಾನು ಜಿಗ್‌ಬೀಯನ್ನೇ ಹೇಳುತ್ತೇನೆ. ಹಾಕುವ ಕ್ರಮ ಮಾತ್ರ ಕೆಡಿಸಬೇಡಿ. ಮೊದಲು ಚಾನೆಲ್ ಆರಿಸಿ, ಆಮೇಲೆ ಬದಲಿಸಿದರೆ ಕೆಲವನ್ನು ಮತ್ತೆ ಜೋಡಿಸಬೇಕಾಗಬಹುದು. ನಂತರ ಸದಾ ಆನ್ ಇರುವ ಪ್ಲಗ್ ಅಥವಾ ಮಾಡ್ಯೂಲ್, ಅದಾದ ಮೇಲೆ ಹಬ್ಬಿಗೆ ಹತ್ತಿರದ ಬಲ್ಬಿನಿಂದ ಶುರು ಮಾಡಿ ದೂರದ ಬಲ್ಬ್. ಸೆನ್ಸರ್ ಕಟ್ಟಕಡೆಗೆ, ಅದೂ ಟೇಬಲ್ ಮೇಲೆ ಇಟ್ಟು ಅಲ್ಲ, ಅದು ಕೂರುವ ಜಾಗದಲ್ಲೇ ನಿಂತು ಜೋಡಿಸಿ.