ಸುತ್ತೋಲೆ ಕಣ್ಣಿಗೆ ಕಂಡರೆ ಸಾಲದು

ದೃಷ್ಟಿ ಇಲ್ಲದ ಉದ್ಯೋಗಿಗೆ ಕಂಪ್ಯೂಟರ್ ಕೊಟ್ಟು, ತೆರೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಹಾಕಿಸಿದ ಮೇಲೆ ತಮ್ಮ ಹೊಣೆ ತೀರಿತೆಂದು ತಿಳಿಯುವ ವ್ಯವಸ್ಥಾಪಕರು ಕಾಸರಗೋಡು, ಮಂಜೇಶ್ವರ ಕಡೆಯ ಕಚೇರಿಗಳಲ್ಲಿ ನನಗೆ ಮತ್ತೆ ಮತ್ತೆ ಸಿಗುತ್ತಾರೆ. ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕನ್ನಡ, ಮಲಯಾಳ ಎರಡಕ್ಕೂ ಧ್ವನಿಗಳಿವೆ. ಕೆಲವು ತಿಂಗಳ ಬಳಿಕ ಹೋಗಿ ನೋಡಿದರೆ ಅದೇ ಉದ್ಯೋಗಿ ಫೋನ್ ಎತ್ತುವ ಕೆಲಸಕ್ಕೆ ಕುಳಿತಿರುತ್ತಾರೆ. ‘ಅವರಿಗೆ ಕಷ್ಟವಾಗುತ್ತದೆ ಸರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಷ್ಟ ಉದ್ಯೋಗಿಯಲ್ಲಿಲ್ಲ, ಅವರಿಗೆ ಕಳುಹಿಸುವ ಕಡತದಲ್ಲಿದೆ ಎಂಬುದನ್ನು ವಿವರಿಸುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತದೆ.

ಗಡಿನಾಡಿನ ಒಂದು ಸಹಕಾರಿ ಸಂಘದ ಗುಮಾಸ್ತೆಯೊಬ್ಬರ ಉದಾಹರಣೆ ಕೊಡುತ್ತೇನೆ. ಅವರಿಗೆ ಬರುತ್ತಿದ್ದ ಸುತ್ತೋಲೆಗಳಲ್ಲಿ ಹೆಚ್ಚಿನವು ಸಹಿ, ಮೊಹರು ಬಿದ್ದ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಪಿಡಿಎಫ್ ಮಾಡಿದಂಥವು. ಅಂಥ ಕಡತದಲ್ಲಿ ಅಕ್ಷರಗಳೇ ಇರುವುದಿಲ್ಲ, ಇರುವುದು ಅಕ್ಷರಗಳ ಚಿತ್ರ. ತಂತ್ರಾಂಶ ‘ಖಾಲಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಉಳಿದವು ಸಂಘದ ಕಂಪ್ಯೂಟರಿನಲ್ಲೇ ಟೈಪ್ ಮಾಡಿದವು, ಆದರೆ ಕನ್ನಡ ಟೈಪಿಂಗಿಗೆ ಬಳಸುವ ‘ನುಡಿ’ಯ ಹಳೆಯ ಫಾಂಟಿನಲ್ಲಿ. ಈ ಫಾಂಟುಗಳು ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಮೇಲೆ ಕನ್ನಡದ ರೂಪವನ್ನು ತೊಡಿಸಿದಂಥವು. ನಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಾಣುವುದು ಒಳಗೆ PÀ£ÀßqÀ ಎಂದಿರುತ್ತದೆ, ತಂತ್ರಾಂಶ ಓದುವುದು ಆ ಒಳಗಿನದನ್ನು. ‘ನ’ ಬಂದಲ್ಲೆಲ್ಲ ಅದು ‘ಪೌಂಡ್’ ಎಂದು ಹೇಳುತ್ತಿದ್ದುದರಿಂದ, ಸಾಲ ಮರುಪಾವತಿಯ ಸೂಚನೆಯಲ್ಲಿ ವಿಲಾಯತಿಯ ಹಣ ಯಾಕೆ ಬಂತೆಂದು ಆಕೆ ನಗುತ್ತಾ ಕೇಳಿದ್ದರು. ಮಲಯಾಳದ ML-TTKarthika ಫಾಂಟಿನಲ್ಲಿ ಬಂದ ಕಡತಗಳ ಗತಿಯೂ ಇದೇ.

ಇದನ್ನು ಪತ್ತೆ ಮಾಡಲು ತಜ್ಞರು ಬೇಕಾಗಿಲ್ಲ. ಕಡತವನ್ನು ತೆರೆದು ಒಂದು ಸಾಲನ್ನು ಮೌಸಿನಿಂದ ಆಯ್ದುಕೊಳ್ಳಿರಿ. ಆಯ್ಕೆಯೇ ಆಗದಿದ್ದರೆ ಅದು ಚಿತ್ರ. ಆಯ್ಕೆಯಾದರೆ ಅದನ್ನು ನಕಲಿಸಿ ನೋಟ್‌ಪ್ಯಾಡಿಗೆ ಅಂಟಿಸಿರಿ. ಮೇಲೆ ತೋರಿಸಿದಂಥ ಚಿಹ್ನೆಗಳು ಬಂದರೆ ಹಳೆಯ ಫಾಂಟು, ಕನ್ನಡವಾಗಿಯೇ ಉಳಿದರೆ ಅದು ಕನ್ನಡದ ಅಕ್ಷರಗಳನ್ನು ಒಳಗೂ ಕನ್ನಡವಾಗಿಯೇ ಇಡುವ ಯೂನಿಕೋಡ್. ಕಳುಹಿಸುವವರು ಪ್ರತಿ ಸಲವೂ ಈ ಪರೀಕ್ಷೆ ಮಾಡಬೇಕು, ಪಡೆಯುವವರಲ್ಲ.

ಆ ಸಂಘದಲ್ಲಿ ಮಾಡಿದ ಬದಲಾವಣೆಗಳು ದೊಡ್ಡವೇನಲ್ಲ. ಹೊಸದಾಗಿ ಟೈಪ್ ಮಾಡುವುದೆಲ್ಲ ಯೂನಿಕೋಡಿನಲ್ಲೇ ಆಗಬೇಕೆಂದು ಲಿಖಿತ ಸೂಚನೆ ಹೊರಟಿತು. ಟೈಪ್ ಮಾಡಿದ ಕಡತವನ್ನೂ ಕಳುಹಿಸಿರೆಂದಾಗ ‘ಸಹಿ ಇಲ್ಲದ ಪ್ರತಿಗೆ ಬೆಲೆ ಇಲ್ಲವಲ್ಲ ಸರ್’ ಎಂದು ವ್ಯವಸ್ಥಾಪಕರು ತಡೆದರು. ಸ್ಕ್ಯಾನ್ ಮಾಡಬೇಡಿರೆಂದು ನಾನು ಹೇಳುವುದೇ ಇಲ್ಲ. ಸಹಿ ಮಾಡಿದ ಪ್ರತಿ ದಾಖಲೆಗೆ ಇರಲಿ, ಟೈಪ್ ಮಾಡಿದ ಮೂಲ ಕಡತ ಅದೇ ಇ-ಮೇಲಿನಲ್ಲಿ ಜೊತೆಗೆ ಹೋಗಲಿ; ಮುದ್ರಿಸುವ ಮೊದಲು ಆ ಕಡತ ಯಾರದೋ ಕಂಪ್ಯೂಟರಿನಲ್ಲಿ ಇದ್ದೇ ಇರುತ್ತದೆ. ಪಟ್ಟಿಗಳಲ್ಲಿ ಕೋಶಗಳನ್ನು ಕೂಡಿಸಿ ಅಂದ ಮಾಡುವ ಚಾಳಿಯನ್ನೂ ಬಿಡಿಸಿದೆವು, ಏಕೆಂದರೆ ಕೋಶದಿಂದ ಕೋಶಕ್ಕೆ ಕೇಳುತ್ತಾ ಸಾಗುವವರಿಗೆ ಯಾವ ಮೊತ್ತ ಯಾವ ಸದಸ್ಯರದೆಂಬುದು ಅಲ್ಲಿ ತಪ್ಪಿಹೋಗುತ್ತದೆ.

ಹಳೆಯ ಕಡತಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಕಡತದ ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರು, ಸಂಕೇತಗಳನ್ನೂ ಅವು ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸಬಹುದು. ಹೊರಗಿನಿಂದ ಬರುವ ಕಾಗದವನ್ನು, ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಒಸಿಆರ್ ಮೂಲಕ ಅಕ್ಷರವಾಗಿಸುವುದು ಸಾಧ್ಯವಿದ್ದರೂ ಒತ್ತಕ್ಷರಗಳು ತಪ್ಪುತ್ತವೆ, ಮೊಹರಿನಡಿಯ ಸಾಲು ಕೆಡುತ್ತದೆ. ಆದ್ದರಿಂದ ಮೊತ್ತ, ಖಾತೆ ಸಂಖ್ಯೆ, ದಿನಾಂಕ ಈ ಮೂರನ್ನು ಇನ್ನೊಬ್ಬರು ಮೂಲದೊಡನೆ ಹೋಲಿಸಿ ನೋಡದೆ ಅಂಥ ಕಡತವನ್ನು ವ್ಯವಹಾರಕ್ಕೆ ಬಳಸಬಾರದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಸಂಸ್ಥೆಗೆ ಅತಿಯಾದ ಹೊರೆಯಾಗದ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ. ಉದ್ಯೋಗದ ಕುರಿತಾದ ಯಾವ ಕಲಮು ನಿಮ್ಮ ಸಂಸ್ಥೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ವಕೀಲರಲ್ಲಿ ಕೇಳಿ ತಿಳಿಯುವುದು ಲೇಸು.

ಕೈಬರಹದ ಅರ್ಜಿಗಳಿಗೆ ಈ ಯಾವುದೂ ನೆಚ್ಚಿಕೊಳ್ಳುವಂತಿಲ್ಲ. ಅವುಗಳಿಗಾಗಿ ಆ ಸಂಘದಲ್ಲಿ ದಿನಕ್ಕೊಂದು ಹೊತ್ತು ಗೊತ್ತುಮಾಡಿ, ಸಹೋದ್ಯೋಗಿಯೊಬ್ಬರು ಓದಿ ಹೇಳುವಂತೆ ಏರ್ಪಡಿಸಲಾಗಿದೆ. ಯಾವ ಹೊತ್ತು, ಯಾರು ಓದಬೇಕು ಎಂಬುದನ್ನು ಆ ಗುಮಾಸ್ತೆಯೇ ಹೇಳಿದರು. ಸಾಲದ ಅರ್ಜಿಗಳ ಪರಿಶೀಲನೆ ಈಗ ಅವರ ಮೇಜಿಗೆ ಮರಳಿದೆ. ಫೋನನ್ನು ಹತ್ತಿರವಿದ್ದವರು ಎತ್ತುತ್ತಾರೆ.